ಆರು ಹತ್ತು, ಪೂರ್ತಿ ಚಾರ್ಜು

ಫೋನಿನ ಪರದೆಯ ಐದು ಚಿತ್ರಗಳಲ್ಲಿ ಐದು ಗಡಿಯಾರಗಳಿದ್ದವು. ಮೊದಲನೆಯದರ ಮೇಲಂಚಿನಲ್ಲಿ 11:07, ಎರಡನೆಯದರಲ್ಲಿ 4:52. ಮೂರನೆಯದರಲ್ಲಿ ಬ್ಯಾಟರಿ ಕೆಂಪಗಾಗಿ ಮುಗಿಯುವ ಹಂತದಲ್ಲಿತ್ತು. ನಾಲ್ಕನೆಯದರಲ್ಲಿ ಯಾರದೋ ಮಿಸ್ಡ್ ಕಾಲು. ಐದನೆಯದರಲ್ಲಿ ಸಿಗ್ನಲ್ಲಿನ ಒಂದೇ ಒಂದು ಕಡ್ಡಿ. ಅದೂ ‘ಎರಡು ಕಡ್ಡಿಗಿಂತ ಕಡಿಮೆ ಇದ್ದರೆ ಎತ್ತರದ ಜಾಗಕ್ಕೆ ಹೋಗಿ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಪುಟದ ಮೇಲೆ.

ಈ ಚಿತ್ರಗಳ ಜೊತೆ ‘ಕಾವಲು’ ಎಂಬ ಆ್ಯಪ್ ಸೋಮವಾರ ಪ್ಲೇ ಸ್ಟೋರಿಗೆ ಹೋಗಬೇಕಿತ್ತು. ಕಾಡಂಚಿನ ಹೊಲಗಳಲ್ಲಿ ಆನೆ ಕಂಡವರು ಒಂದು ಗುಂಡಿ ಒತ್ತಿದರೆ ಸುತ್ತಲಿನ ಕಾವಲುಗಾರರ ಫೋನುಗಳೆಲ್ಲ ಸೈರನ್ನಿನಂತೆ ಕೂಗಿಕೊಳ್ಳುವ ಆ್ಯಪ್ ಅದು. ಅದನ್ನು ಕಟ್ಟಿದವನು ತೌಹೀದ್. ಅದರ ಪುಟಗಳನ್ನು ಬಿಡಿಸಿದವಳು ನಯನ. ಕನಕಪುರದ ಬಸ್ ನಿಲ್ದಾಣದ ಹಿಂದೆ, ಮೋಟರ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯೇ ಅವರ ಆಫೀಸು.

ನಯನ ಗಡಿಯಾರ, ಬ್ಯಾಟರಿ, ಸಿಗ್ನಲ್ ಇರುವ ಒಂದು ಚೊಕ್ಕ ಪಟ್ಟಿಯನ್ನು ಬಿಡಿಸಿ ಐದೂ ಚಿತ್ರಗಳ ನೆತ್ತಿಗೆ ಅಂಟಿಸಿ ನೋಡಿದ್ದಳು. ಬಿಳಿ ಪುಟಗಳಿಗೆ ಅದು ಹೊಂದಿಕೊಂಡಿತು. ಎಚ್ಚರಿಕೆಯ ಪುಟದಲ್ಲಿ ಮಾತ್ರ ಕೆಂಪು ಮೇಲಿನಿಂದ ಕೆಳಕ್ಕೆ ಕಪ್ಪಾಗುತ್ತ ಇಳಿಯುತ್ತಿದ್ದುದರಿಂದ ಪಟ್ಟಿಯ ಕೆಳಗೆ ಗೆರೆ ಎದ್ದು ಕಾಣುತ್ತಿತ್ತು. ಐದು ಬೇರೆ ಬೇರೆ ಫೋನುಗಳಲ್ಲಿ ತೆಗೆದದ್ದರಿಂದ ಅಳತೆಯೂ ಒಂದೇ ಇರಲಿಲ್ಲ.

“ಅಂಟಿಸೋದು ಬಿಡು,” ಎಂದ ತೌಹೀದ್. “ಒಂದೇ ಫೋನಲ್ಲಿ ಡೆಮೋ ಮೋಡ್ ಹಾಕಿ ಐದನ್ನೂ ಹೊಸದಾಗಿ ತೆಗೆಯೋಣ. ಲ್ಯಾಪ್‌ಟಾಪಿಂದ ಹೇಳಿದ್ರೆ ಫೋನೇ ನಾವಂದ ಟೈಮು, ನಾವಂದ ಬ್ಯಾಟರಿ, ನಾವಂದ ಸಿಗ್ನಲ್ಲು ತೋರಿಸುತ್ತೆ. ನಿಂದು ನಂದು ಎರಡೂ ಫೋನು ಆ ಮಾತು ಕೇಳಲ್ಲ, ಕಂಪನಿಯವರು ಏನೇನೋ ಸೇರಿಸಿದಾರೆ. ನಿಮ್ಮ ಮಾವಂದು ಕೇಳುತ್ತೆ.”

ಅವಳ ಸೋದರಮಾವ ಚಿಕ್ಕರಾಜು ದೊಡ್ಡಆಲಹಳ್ಳಿಯಿಂದ ಟಾರ್ಚು ಕೊಳ್ಳಲು ಬಂದವನು, ಮೂಲೆಯ ಕುರ್ಚಿಯಲ್ಲಿ ಕುಳಿತು ಟೀ ಆರಿಸುತ್ತಿದ್ದ. ಊರಿನಲ್ಲಿ ಈ ಆ್ಯಪನ್ನು ಮೊದಲು ಹಾಕಿಸಿಕೊಂಡವನು ಅವನೇ. ಶ್ರಾವಣದಲ್ಲಿ ದೇವಸ್ಥಾನದ ಜಗಲಿಯ ಮೇಲೆ ಷಟ್ಪದಿ ಓದುವವನೂ ಅವನೇ. ಹಾಗಾಗಿ ಏನನ್ನೇ ಓದಿದರೂ ಸ್ವಲ್ಪ ಎಳೆದೇ ಓದುತ್ತಿದ್ದ, ಕರೆಂಟು ಬಿಲ್ಲನ್ನೂ. ನಯನ ಚಿಕ್ಕಂದಿನಲ್ಲಿ ಅವನ ಮಗ್ಗುಲಲ್ಲಿ ಕುಳಿತು ಕೇಳುತ್ತ, ಅರ್ಥವಾಗುವ ಮೊದಲೇ ಆ ಧಾಟಿಗೆ ಕೈಮುಗಿಯುವುದನ್ನು ಕಲಿತಿದ್ದಳು.

“ಫೋನ್ ಒಸಿ ಕೊಡಿ ಮಾವ.”

“ಬ್ಯಾಟ್ರಿ ಕಮ್ಮಿ ಐತೆ ಕಣವ್ವ, ಇಪ್ಪತ್ತೋ ಏನೋ.”

“ನೋಡ್ತಿರಿ, ಈಗ ನೂರು ಮಾಡ್ತೀನಿ,” ಎಂದ ತೌಹೀದ್ ಕೇಬಲ್ ಸಿಕ್ಕಿಸಿದ.

ಕೀಲಿಮಣೆಯ ಮೇಲೆ ಅವನ ಬೆರಳು ಓಡಿತು. ಫೋನಿನ ನೆತ್ತಿಯ ಮೇಲಿದ್ದ ಪುಟ್ಟ ಪುಟ್ಟ ಗುರುತುಗಳೆಲ್ಲ ಮಾಯವಾದವು. ಬ್ಯಾಟರಿ ತುಂಬಿತು. ಸಿಗ್ನಲ್ಲಿನ ಕಡ್ಡಿಗಳು ಪೂರ್ತಿ ಎದ್ದು ನಿಂತವು. ಗಡಿಯಾರ 9:41 ಆಯಿತು.

“ಇದೇನ್ಲಾ, ಒಂಬತ್ತು ನಲವತ್ತೊಂದು?”

“ಎಲ್ರೂ ಅದನ್ನೇ ಹಾಕೋದು ಚಿಕ್ಕರಾಜಣ್ಣ, ರೂಢಿ.”

ಚಿಕ್ಕರಾಜು ಟೀ ಲೋಟ ಕೆಳಗಿಟ್ಟ. “ಎಚ್ಚರಿಕೆ ಪುಟದಾಗೆ ಶನಿವಾರ ಅಂತ ಬರ್ದೀಯಲ್ಲಪ್ಪ. ಶನಿವಾರ ಒಂಬತ್ತರಿಂದ ಹತ್ತೂವರೆ ರಾವುಕಾಲ. ಆನೆ ಕಾಯೋ ಸಾಮಾನ್ನ ರಾವುಕಾಲದಾಗೆ ತೋರ್ಸೀಯಾ? ನಮ್ಮೂರಾಗೆ ಒಬ್ನೂ ಹಾಕ್ಕಳಾಕಿಲ್ಲ.”

“ಇವ್ರೊಬ್ರು ನೋಡು ನಯನಾ, ಫೋನಿಗೂ ಪಂಚಾಂಗ.”

“ಹಾಗಾದ್ರೆ ಎಷ್ಟು ಹಾಕ್ಲಿ ಮಾವ?”

“ಆರು ಹತ್ತು ಹಾಕವ್ವ. ದೀಪ ಹಚ್ಚೋ ಹೊತ್ತು. ನಾವು ಕಾವಲಿಗೆ ಕೂರೋದೂ ಆವಾಗ್ಲೇ.”

ಆರು ಹತ್ತಾಯಿತು. ನಯನ ಒಂದೊಂದೇ ಪುಟ ತೆರೆದು ಚಿತ್ರ ತೆಗೆದಳು. ಐದಕ್ಕೂ ಒಂದೇ ಗಡಿಯಾರ, ಒಂದೇ ತುಂಬಿದ ಬ್ಯಾಟರಿ. ಒಂದು ಕಡ್ಡಿಯ ಪುಟದಲ್ಲೂ ಈಗ ಎಲ್ಲ ಕಡ್ಡಿಗಳೂ ನೆಟ್ಟಗೆ ನಿಂತಿದ್ದವು. ಅಕ್ಕತಂಗಿಯರ ಹಾಗೆ ಕಾಣುತ್ತಿದ್ದ ಅವನ್ನು ನೋಡಿ ಅವಳಿಗೆ ಸಮಾಧಾನವಾಯಿತು.

ಕೆಳಗೆ ಬಸ್ಸಿನ ಹಾರನ್ ಕೂಗಿತು. “ಅಯ್ಯೋ, ನಮ್ಮೂರ ಗಾಡಿ!” ಎಂದವನೇ ಚಿಕ್ಕರಾಜು ಕೇಬಲ್ ಕಿತ್ತು, ಫೋನನ್ನು ಜೇಬಿಗೆ ತುರುಕಿಕೊಂಡು, ಟಾರ್ಚಿನ ಚೀಲ ಹಿಡಿದು ಮೆಟ್ಟಿಲಿಳಿದ. “ಬತ್ತೀನಿ ಕಣವ್ವಾ!” ಎಂಬುದು ರಸ್ತೆಯಿಂದ ಕೇಳಿಸಿತು. ಐದೂ ಚಿತ್ರಗಳು ಆಗಲೇ ಲ್ಯಾಪ್‌ಟಾಪಿಗೆ ಬಂದಿದ್ದವು. ಇಬ್ಬರೂ ಅವನ್ನೇ ನೋಡುತ್ತಿದ್ದರು.

ಬಿಸಿಲು ಕಿಟಕಿಯಿಂದ ಜಾರಿ ಗೋಡೆ ಹತ್ತುವ ಹೊತ್ತಿಗೆ ನಯನಳಿಗೆ ವಾಟ್ಸಾಪಿನಲ್ಲಿ ಒಂದು ಚಿತ್ರ ಕಣ್ಣಿಗೆ ಬಿತ್ತು. ಮಾವ ಒಂದು ಗಂಟೆಯ ಹಿಂದೆಯೇ ಬಸ್ಸಿನಿಂದ ಕಳಿಸಿದ್ದು, ಕಾವಲಿನ ನಕ್ಷೆಯ ಪುಟ. ಮೇಲೆ 6:10, ತುಂಬಿದ ಬ್ಯಾಟರಿ, ತುಂಬಿದ ಸಿಗ್ನಲ್. ನಮ್ಮದೇ ಐದರಲ್ಲಿ ಒಂದನ್ನು ತಿರುಗಿ ಕಳಿಸಿದ್ದಾನೆ ಎಂದುಕೊಂಡು ಅವಳು ಪಕ್ಕಕ್ಕೆ ಸರಿಸಹೊರಟಳು.

ಬೆರಳು ನಿಂತಿತು. ನಕ್ಷೆಯಲ್ಲಿ ಬಿದಿರು ಮೆಳೆಯ ಹತ್ತಿರ ಒಂದು ಹಳದಿ ಚುಕ್ಕೆ ಇತ್ತು. ಅವಳು ತೆಗೆದ ಚಿತ್ರದಲ್ಲಿ ಅದಿರಲಿಲ್ಲ. ಕೆಳಗೆ ಅವನ ದನಿಯ ಸಂದೇಶವಿತ್ತು, ಬಸ್ಸಿನ ಸದ್ದಿನ ನಡುವೆ: “ನೈನಾ, ಈ ಅಳ್ದಿ ಬೊಟ್ಟು ಏನವ್ವ? ಇನ್ನೊಂದು ಕಣವ್ವ, ನಿಮ್ಮ ತೌಹೀದು ಏನು ಮಾಡಿದ್ನೋ, ಫೋನ್ ಭಾರೀ ಚೆನ್ನಾಗಾಗೋಗೈತೆ. ಕಡ್ಡಿ ಎಲ್ಲೋದ್ರೂ ಬೀಳ್ತಾನೇ ಇಲ್ಲ.”

ಅವಳು ತನ್ನ ಫೋನಿನ ಗಡಿಯಾರ ನೋಡಿದಳು. ಇನ್ನೂ ಐದು ಕಾಲು.

“ತೌಹೀದ್,” ಎಂದಳು. “ಡೆಮೋ ತೆಗೆದ್ಯಾ?”

ಅವನು ಮೇಜಿನ ಮೇಲೆ ಸುತ್ತಿಕೊಂಡು ಬಿದ್ದಿದ್ದ ಕೇಬಲ್ಲನ್ನು ನೋಡಿದ. “ಇಲ್ಲ,” ಎಂದ. “ಅದು ತಾನಾಗಿ ಹೋಗಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದ್ರೆ ಹೋಗುತ್ತೆ. ಇಲ್ಲಿಂದ ಏನೂ ಮಾಡಕ್ಕಾಗಲ್ಲ.”

ಹಳದಿ ಚುಕ್ಕೆ ಎಂದರೆ ಆನೆ ಕಂಡಿಲ್ಲ, ಲದ್ದಿ ಕಂಡಿದೆ ಎಂದರ್ಥ. ನಯನ ಕರೆ ಮಾಡಿದಳು. ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು ಒಂದು ಹೆಣ್ಣುದನಿ, ಸಮಾಧಾನದಿಂದ. ಮತ್ತೆ ಮಾಡಿದಳು. ಅದೇ ದನಿ. ‘ಮಾವ ಫೋನ್ ಆಫ್ ಮಾಡಿ ಆನ್ ಮಾಡಿ’ ಎಂದು ಬರೆದಳು. ‘ಮೇಲೆ ಕಾಣೋ ಕಡ್ಡಿ ಸುಳ್ಳು’ ಎಂದು ಬರೆದಳು. ಒಂದೊಂದರ ಪಕ್ಕದಲ್ಲೂ ಒಂದೇ ಗೀಟು ಬಿದ್ದು ನಿಂತಿತು, ತಲುಪಿತೆನ್ನುವ ಎರಡನೆಯದು ಬೀಳಲಿಲ್ಲ.

ಅತ್ತೆ ಲಕ್ಷ್ಮಿದೇವಮ್ಮನಿಗೆ ಕರೆ ಸೇರಿತು.

“ಅತ್ತೆ, ಮಾವ ಬಂದ್ರಾ?”

“ಬಂದು ಬುತ್ತಿ ಈಸ್ಕೊಂಡು ಹೊಲುಕ್ಕೆ ಹೋಗಿದ್ದೂ ಆಯ್ತು. ಯಾಕವ್ವ?”

“ಬಂಡೆ ಮೇಲೆ ತಾನೇ ಕೂರೋದು?”

“ಇಲ್ಲ ಕಣೆ. ಇವತ್ತು ಬಂಡೆ ಹತ್ತೋ ಕೆಲ್ಸ ಇಲ್ಲ, ಹಳ್ಳದ ಮೋಟ್ರು ಮನೆ ತಾವೂ ಕಡ್ಡಿ ತುಂಬಿರ್ತೈತೆ, ಅಲ್ಲೇ ಕೂರ್ತೀನಿ ಅಂದ್ರು. ಮಂಡಿ ನೋವು ನೋಡು, ಹಿಗ್ಗಿಬುಟ್ಟವ್ರೆ.”

ನಯನ ಕಣ್ಣು ಮುಚ್ಚಿದಳು. ಆ ನಿಯಮ ಬರೆದವಳು ಅವಳೇ. ಎರಡು ಕಡ್ಡಿ ಇರುವ ಕಡೆ ಕೂರಿ. ಊರಿನವರಿಗೆಲ್ಲ ಬಾಯಿಪಾಠ ಮಾಡಿಸಿದ್ದಳು. ಹಳ್ಳದಲ್ಲಿ ಒಂದು ಕಡ್ಡಿಯೂ ಇಲ್ಲವಾದ್ದರಿಂದ ಎಲ್ಲರೂ ಬಂಡೆ ಹತ್ತುತ್ತಿದ್ದರು. ಬಿದಿರು ಮೆಳೆಯಿಂದ ಇಳಿಯುವ ಆನೆಗಳು ನೀರಿಗೆ ಬರುವುದು ಆ ಹಳ್ಳಕ್ಕೇ.

“ಯಾರನ್ನಾದ್ರೂ ಕಳ್ಸಿ ಅತ್ತೆ, ಮೇಲಕ್ಕೆ ಕರ್ಕೊಂಡು ಬರಕ್ಕೆ. ಈಗ್ಲೇ.”

ತೌಹೀದ್ ಲ್ಯಾಪ್‌ಟಾಪನ್ನು ಬೆನ್ನಿನ ಚೀಲಕ್ಕೆ ಹಾಕಿ ಬೈಕಿನ ಕೀಲಿ ತೆಗೆದುಕೊಂಡಿದ್ದ.

ದಾರಿಯುದ್ದಕ್ಕೂ ನಯನ ಮಾವನಿಗೆ ಸಂದೇಶದ ಮೇಲೆ ಸಂದೇಶ ಕಳಿಸುತ್ತಿದ್ದಳು. ಹಿಪ್ಪುನೇರಳೆ ತೋಟಗಳ ಮೇಲೆ ಮಂಜು ಇಳಿಯುತ್ತಿತ್ತು. ಕುರಿಮಂದೆಯೊಂದು ರಸ್ತೆಗೆ ಅಡ್ಡ ಬಂದು ಬೈಕು ನಿಲ್ಲಿಸಬೇಕಾಯಿತು. ಆ ಕುರಿಗಳ ಕಾಲ ಸದ್ದಿನ ನಡುವೆ ನಯನಳ ಕೈಯಲ್ಲಿದ್ದ ಫೋನು ಕೂಗಿಕೊಂಡಿತು. ಅವಳೇ ಆರಿಸಿದ ಸೈರನ್. ಎಷ್ಟು ಗಾಢ ನಿದ್ದೆಯಲ್ಲಿದ್ದವರೂ ಬೆಚ್ಚಿ ಏಳಲಿ ಎಂದು ಆರಿಸಿದ್ದು. ಕುರಿಗಳು ದಿಕ್ಕಾಪಾಲಾದವು. “ಏನಮ್ಮಾ ಅದು!” ಎಂದು ಕುರುಬ ಬೈದ.

ಪರದೆ ಕೆಂಪಾಗಿತ್ತು. ಬಂಡೆಯ ಮೇಲಿನ ಕಾವಲುಗಾರ ದೇವರಾಜ್ ಒತ್ತಿದ್ದ: ಎರಡು ದೊಡ್ಡವು, ಒಂದು ಮರಿ, ಮೆಳೆಯಿಂದ ಹಳ್ಳದ ಕಡೆ. ಕೆಳಗೆ ಎಚ್ಚರಿಕೆ ಕೇಳಿಸಿಕೊಂಡವರ ಹೆಸರುಗಳು ಒಂದೊಂದಾಗಿ ಹಸಿರಾಗುತ್ತ ಬಂದವು. ಚಿಕ್ಕರಾಜು ಎಂಬುದು ಮಾತ್ರ ಬೂದಿಯ ಬಣ್ಣದಲ್ಲೇ ಉಳಿಯಿತು.

ಅವಳ ಕಣ್ಣು ತಾನಾಗಿ ಪರದೆಯ ನೆತ್ತಿಗೆ ಹೋಯಿತು. 6:10.

ಒಂದು ಕ್ಷಣ ಅವಳಿಗೆ ಇದೂ ನಿಂತುಹೋದ ಗಡಿಯಾರ ಅನ್ನಿಸಿತು. ಅದು 6:11 ಆಗುವವರೆಗೂ ಉಸಿರು ಬಿಡಲಿಲ್ಲ.

ಊರಾಚೆಯ ಬಂಡೆಯ ಬುಡದಲ್ಲಿ ಬೈಕು ನಿಲ್ಲಿಸಿದಾಗ ಬೆಳಕು ಕಂದುತ್ತಿತ್ತು. ದೇವರಾಜ್ ಮೇಲಿನಿಂದ ಕೈಬೀಸಿ, ತುಟಿಯ ಮೇಲೆ ಬೆರಳಿಟ್ಟು ಕರೆದ. ಹತ್ತಿ ಹೋದರು. ಅತ್ತೆ ಅಲ್ಲೇ ಮುದುರಿ ಕೂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು.

“ಕರಿಯಾಕೆ ಹೋದೋನು ಅರ್ಧಕ್ಕೇ ವಾಪಸ್ ಬಂದು ಊರಿಗೋದ,” ಎಂದ ದೇವರಾಜ್ ಪಿಸುದನಿಯಲ್ಲಿ. “ದೊಡ್ಡೋರು ದಾರಿಗೇ ನಿಂತವ್ರೆ. ಇತ್ಲಾಗೆ ನಾವು, ಅತ್ಲಾಗೆ ಚಿಕ್ಕರಾಜಣ್ಣ.” ಕತ್ತಲಾದ ಮೇಲೆ ಆ ಊರಿನಲ್ಲಿ ಆನೆಯನ್ನು ಹೆಸರಿಟ್ಟು ಕರೆಯುವುದಿಲ್ಲ.

“ಕೂಗಿದ್ರೆ?” ಎಂದ ತೌಹೀದ್.

“ಮರಿ ಐತೆ ಕಣ್ಲಾ. ಕೂಗಿದ್ರೆ ಹಳ್ಳಕ್ಕೇ ನುಗ್ತಾವೆ. ಬ್ಯಾಟ್ರಿ ಬೆಳಕೂ ಬುಡ್ಬ್ಯಾಡ.”

ಆಗ ನಯನಳಿಗೆ ಕೇಳಿಸಿತು. ಕೆಳಗಿನಿಂದ, ನೀರಿನ ಕಡೆಯಿಂದ, ತೆಳ್ಳಗೆ. ಮಾವ ಹಾಡುತ್ತಿದ್ದ. ಹಾಡಲ್ಲ, ಓದುತ್ತಿದ್ದ, ಬಾಯಿಗೆ ಬಂದ ಷಟ್ಪದಿಯನ್ನು ಎಳೆದೆಳೆದು, ಒಂದೊಂದು ಸಾಲಿನ ಕೊನೆಯಲ್ಲೂ ಸ್ವಲ್ಪ ನಿಂತು. ಕಾವಲಿನಲ್ಲಿ ತೂಕಡಿಕೆ ಬಾರದಿರಲೆಂದು ಓದುವ ಧಾಟಿ. ಅದರಲ್ಲಿ ಆತಂಕದ ಸುಳಿವೂ ಇರಲಿಲ್ಲ. ಜೇಬಿನಲ್ಲಿರುವ ಫೋನು ತನ್ನನ್ನು ಕಾಯುತ್ತಿದೆ ಎಂದು ನಂಬಿದ ಮನುಷ್ಯನ ಧಾಟಿ ಅದು.

ಆ ದನಿಗೂ ಬಂಡೆಗೂ ನಡುವೆ ಬಿದಿರು ಚಟ್ಟನೆ ಮುರಿಯಿತು.

“ಸೈರನ್,” ಎಂದಳು ನಯನ ತಟ್ಟನೆ, ತೌಹೀದನ ತೋಳು ಹಿಡಿದು. “ಈಗ ಅವ್ರ ಫೋನಿಗೆ ಒಂದು ಗಳಿಗೆ ಸಿಗ್ನಲ್ ಸಿಕ್ತು ಅಂದ್ಕೋ. ಕಾಯ್ತಾ ಇರೋ ಎಚ್ಚರಿಕೆ ಹೋಗಿ ಬೀಳುತ್ತೆ. ಅವುಗಳ ಪಕ್ಕದಲ್ಲೇ ಕೂಗ್ಕೊಳ್ಳುತ್ತೆ.”

ತೌಹೀದ್ ಏನೂ ಕೇಳದೆ ಚೀಲದಿಂದ ಲ್ಯಾಪ್‌ಟಾಪ್ ತೆಗೆದ. ಬೆಳಕು ಹೊರಬೀಳದಂತೆ ಅತ್ತೆ ಇಬ್ಬರ ಮೇಲೂ ತನ್ನ ಕಂಬಳಿ ಹೊದಿಸಿದಳು. ಒಳಗೆ ಅವನು ಅದನ್ನು ತನ್ನ ಫೋನಿನ ನೆಟ್ಟಿಗೆ ಜೋಡಿಸಿದ. “ಆ ಎಚ್ಚರಿಕೆ ಗುರುತಲ್ಲೇ ಸದ್ದಿಲ್ಲದ್ದೊಂದು ಕಳಿಸ್ತೀನಿ, ಅವ್ರೊಬ್ರಿಗೆ. ಹೊಸದು ಹೋದ್ರೆ ಕಾಯ್ತಿರೋ ಹಳೇದನ್ನ ಅಳಿಸಿ ಅದರ ಜಾಗಕ್ಕೆ ಕೂರುತ್ತೆ.” ಒತ್ತಿದ. “ಹೋಯ್ತು.”

ನಯನ ತನ್ನ ಫೋನನ್ನು ಸೀರೆಯ ಸೆರಗಿನೊಳಗೆ ಹಿಡಿದು ತಾನು ಕಳಿಸಿದ ಸಂದೇಶಗಳನ್ನು ಒಂದೊಂದಾಗಿ ಅಳಿಸತೊಡಗಿದಳು. ಒಂದೊಂದೂ ಒಂದೊಂದು ‘ಟಿಂಗ್’. ಮಾವ ಎದ್ದೇಳಲಿ ಎಂದು ಕಳಿಸಿದ್ದವು; ಈಗ ಯಾವುದೂ ಅವನನ್ನು ಮುಟ್ಟಬಾರದಿತ್ತು. ಬೆವರಿದ ಬೆರಳು ಜಾರುತ್ತಿತ್ತು.

ಅಷ್ಟರಲ್ಲಿ ಕೆಳಗಿನ ದನಿ ನಿಂತಿತು.

ಸಾಲಿನ ಕೊನೆಯಲ್ಲಿ ನಿಂತದ್ದಲ್ಲ. ಸಾಲಿನ ನಡುವೆ, ಪದದ ನಡುವೆ.

ಅತ್ತೆ ನಯನಳ ಕೈ ಹಿಡಿದಳು. ಆ ಪದದ ಉಳಿದರ್ಧ ನಯನಳಿಗೆ ಗೊತ್ತಿತ್ತು. ಅದು ಅವಳ ನಾಲಿಗೆಯ ತುದಿಯಲ್ಲಿ ಬಂದು ನಿಂತಿತು. ಅದನ್ನು ಆಡಿದರೆ ಅಲ್ಲಿ ಏನೋ ಮುಗಿದುಹೋಗುತ್ತದೆ ಅನ್ನಿಸಿ ಹಲ್ಲು ಕಚ್ಚಿ ಹಿಡಿದಳು. ಕೆಳಗೆ ನೀರು ಕದಡಿದ ಸದ್ದು. ಭಾರವಾದ ಒಂದು ಉಸಿರು, ಕುಲುಮೆಯ ತಿದಿಯ ಹಾಗೆ. ತಗಡು ಬಗ್ಗಿದ ಸದ್ದು. ಮೋಟ್ರು ಮನೆಯ ಛಾವಣಿ ಇರಬೇಕು. ಆಮೇಲೆ ಮರಿಯ ಸಣ್ಣ ಕೀರಲು. ಆಮೇಲೆ ಏನೂ ಇಲ್ಲ.

ಏನೂ ಕೇಳದ ಆ ಹೊತ್ತು ಎಷ್ಟೆಂದು ಯಾರೂ ಲೆಕ್ಕ ಹಾಕಲಿಲ್ಲ. ಅತ್ತೆಯ ತುಟಿಗಳು ದೇವರ ಹೆಸರಿನ ಮೇಲೆ ಸದ್ದಿಲ್ಲದೆ ಆಡುತ್ತಿದ್ದವು. ತೌಹೀದನ ತುಟಿಗಳೂ ಅಷ್ಟೆ.

ದೂರದಲ್ಲಿ, ಹಳ್ಳದ ಆಚೆ ದಡದಲ್ಲಿ, ಮತ್ತೆ ಕೊಂಬೆ ಮುರಿಯಿತು. ಇನ್ನೂ ದೂರದಲ್ಲಿ ಇನ್ನೊಂದು. “ದಾಟುದ್ವು,” ಎಂದ ದೇವರಾಜ್.

ಈಗ ಎಲ್ಲರೂ ಕೆಳಗಿನ ಕತ್ತಲಿಗೆ ಕಿವಿಗೊಟ್ಟರು. ಹೆಜ್ಜೆಯಿಲ್ಲ. ಕೆಮ್ಮಿಲ್ಲ. ದೇವರಾಜ್ ಟಾರ್ಚು ಹಚ್ಚಿ ಇಳಿಯತೊಡಗಿದ. ಹಿಂದೆ ತೌಹೀದ್. ನಯನ ಅತ್ತೆಯ ಬಳಿಯೇ ಉಳಿದಳು. ಇಳಿಜಾರಿನಲ್ಲಿ ಟಾರ್ಚಿನ ಬೆಳಕು ಒಮ್ಮೆ ಅಲುಗಿ ನಿಂತಿತು.

“ಮುಖುಕ್ಕೆ ಬುಡ್ಬ್ಯಾಡ ಕಣ್ಲಾ, ಕಣ್ಣು ಕುಕ್ತೈತೆ.”

ಅತ್ತೆ ಒಂದು ಸದ್ದು ಮಾಡಿದಳು. ಅಳುವೋ ಬೈಗುಳವೋ ತಿಳಿಯಲಿಲ್ಲ.

ಅವನನ್ನು ಇಬ್ಬರೂ ಆನಿಸಿಕೊಂಡು ಮೇಲಕ್ಕೆ ತಂದರು. ಸೊಂಟದವರೆಗೂ ಕೆಸರು. ಮೋಟ್ರು ಮನೆಯ ಹಿಂದಿನ ಪೈಪಿನ ಗುಂಡಿಯಲ್ಲಿ ಕತ್ತಿನ ತನಕ ಇಳಿದು ಕೂತಿದ್ದನಂತೆ. “ನಾತ ಬಂತು,” ಎಂದ. “ಓದ್ತಾ ಇದ್ನಾ, ನಾತ ಬಂತು. ತಲೆ ಎತ್ತುದ್ರೆ ಆಕಾಶ ಇಲ್ಲ, ಬರೀ ಹೊಟ್ಟೆ.” ನಗಲು ನೋಡಿದ. ಹಲ್ಲು ಕಟಕಟ ಬಡಿಯುತ್ತಿತ್ತು. ಅಂಗಿಯ ಜೇಬಿನಿಂದ ಫೋನು ತೆಗೆದು ನಯನಳ ಮುಂದೆ ಹಿಡಿದ. ಪರದೆ ಕಪ್ಪಗಿತ್ತು. “ಇದ್ಯಾಕವ್ವ ಕೂಗ್ಲಿಲ್ಲ? ಕಡ್ಡಿ ತುಂಬಿತ್ತು, ಬ್ಯಾಟ್ರಿ ತುಂಬಿತ್ತು. ಹದ್ನೈದು ಪರ್ಸೆಂಟು ಅಂತ ಒಂದು ಬಂತು ನಡುವೆ, ಮ್ಯಾಲೆ ನೋಡುದ್ರೆ ಫುಲ್ಲು. ಇದು ಸುಳ್ಳು ಬೊಗಳ್ತೈತೆ ಅಂತ ಒತ್ತಾಕ್ದೆ. ಈಗ ನೋಡುದ್ರೆ ಸತ್ತೋಗೈತೆ.”

“ಆ ಹದಿನೈದೇ ನಿಜ ಮಾವ. ಮೇಲಿಂದು ನಾವು ಹಾಕಿದ್ದು. ಚಿತ್ರಕ್ಕೆ ಅಂತ ಹಾಕಿ, ತೆಗೆಯೋದು ಮರೆತ್ವಿ.”

“ಗಡಿಯಾರನೂವೆ?”

“ಗಡಿಯಾರನೂ.”

“ಅದು ನಿಂತೋಗಿದ್ದು ಗೊತ್ತಾಯ್ತು ಕಣವ್ವ. ಗಡಿಯಾರ ಕೆಡ್ತದೆ, ಬಿಸ್ಲು ನೋಡ್ಕೊಂಡೆ.” ಅವನು ಕೆಸರಿನ ಕೈಯಿಂದ ಮುಖ ಒರೆಸಿಕೊಂಡ. “ಕಡ್ಡಿನೂ ಕೆಡ್ತಾವೆ ಅಂತ ನಂಗೇನು ಗೊತ್ತು? ಕಡ್ಡಿ ನೋಡ್ಕೊಂಡು ಕೂರಿ ಅಂದೋಳು ನೀನಲ್ವಾ.”

ಅದರಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನಯನಳಿಗೆ ತಲೆ ಎತ್ತಲಾಗಲಿಲ್ಲ.

ತೌಹೀದ್ ತನ್ನ ಪವರ್ ಬ್ಯಾಂಕ್ ಸಿಕ್ಕಿಸಿದ. ಸ್ವಲ್ಪ ಹೊತ್ತಿಗೆ ಪರದೆ ಬೆಳಗಿತು. ಎಲ್ಲರೂ ಬಗ್ಗಿ ನೋಡಿದ್ದು ಅದರ ನೆತ್ತಿಯನ್ನೇ. 7:26. ಬ್ಯಾಟರಿ ಶೇಕಡಾ ಒಂದು. ಕಡ್ಡಿಯ ಜಾಗ ಖಾಲಿಯಿತ್ತು. ಆಮೇಲೆ ಒಂದೆದ್ದಿತು, ಇನ್ನೊಂದು.

“ಇದು ನಿಜವಾ?” ಎಂದ ಚಿಕ್ಕರಾಜು.

ನಯನ ತನ್ನ ಫೋನನ್ನು ಅದರ ಪಕ್ಕಕ್ಕೆ ಹಿಡಿದು ನೋಡಿದಳು. ಆಮೇಲೂ ಹೂಂ ಅನ್ನಲು ಅವಳಿಗೆ ಧೈರ್ಯ ಸಾಲಲಿಲ್ಲ.

ಅವನ ಕೈಯಲ್ಲಿ ‘ಟಿಂಗ್’ ಎಂದಿತು. ಐವರೂ ಬೆಚ್ಚಿ ಹಳ್ಳದ ಕಡೆ ತಿರುಗಿದರು. ಅಲ್ಲಿ ಕಪ್ಪೆಗಳು ಮತ್ತೆ ಶುರುಮಾಡಿದ್ದವು, ಅಷ್ಟೆ. ಅವಳು ಅಳಿಸುವಾಗ ಬೆರಳು ತಪ್ಪಿ ಉಳಿದುಹೋಗಿದ್ದ ಒಂದೇ ಸಂದೇಶ ಅದು. ಅವಳ ಫೋನಿನಲ್ಲಿ ಎರಡನೆಯ ಗೀಟು ಬಿತ್ತು.

ಚಿಕ್ಕರಾಜು ಅದನ್ನು ಕಣ್ಣಿನ ಹತ್ತಿರಕ್ಕೆ ತಂದ. ದನಿ ಇನ್ನೂ ನಡುಗುತ್ತಿತ್ತು, ಆದರೂ ತನಗೆ ಗೊತ್ತಿದ್ದ ರೀತಿಯಲ್ಲೇ ಎಳೆದು, ಮಾತಿನ ಕೊನೆಗೆ ನಿಂತು ಓದಿದ:

“ಮಾವ, ಅಲ್ಲಿ ಕೂರಬೇಡಿ... ಮೇಲೆ ಬನ್ನಿ... ಮೇಲೆ ಬನ್ನಿ ಮಾವ.”